ಉಪ್ಪು ನೋಡದೆ ಮಾಡಿದ ಹುಗ್ಗಿ

ಧನುರ್ಮಾಸದ ಹುಗ್ಗಿ ನನ್ನ ಕೈಗೆ ಬಂದದ್ದು ಅಮ್ಮನಿಗೆ ಮಂಡಿನೋವು ಜಾಸ್ತಿಯಾದ ವರ್ಷ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ದಿನಾ ಸೂರ್ಯ ಹುಟ್ಟುವ ಮೊದಲೇ ದೇವರಿಗೆ ಹುಗ್ಗಿ ನೈವೇದ್ಯ ಆಗಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಮೈಸೂರಿನಲ್ಲಿ ಆ ಹೊತ್ತಿಗೆ ಸೂರ್ಯೋದಯ 6.40ರ ಆಸುಪಾಸು. ಅಂದರೆ ನಾಲ್ಕೂವರೆಗೆ ಎದ್ದರೆ ಮಾತ್ರ ಗಡಿಬಿಡಿ ಇಲ್ಲ. ನನಗೆ ಅಡುಗೆ ಬರುತ್ತಿತ್ತು. ಆದರೆ ನಾನು ಮಾಡುತ್ತಿದ್ದದ್ದು ಸೌಟು ತುದಿಯಿಂದ ಅಂಗೈಗೆ ಒಂದು ಹನಿ ಹಾಕಿಕೊಂಡು ನಾಲಿಗೆಗೆ ಮುಟ್ಟಿಸಿ ಮಾಡುವ ಅಡುಗೆ. ನೈವೇದ್ಯದ ಅಡುಗೆಯಲ್ಲಿ ಅದೇ ಇಲ್ಲ. ನಾಲಿಗೆಗೆ ಹೋಯಿತೆಂದರೆ ಎಂಜಲು, ಅಷ್ಟೂ ಪಾತ್ರೆ ಎಂಜಲು.

ಮೊದಲ ಮೂರು ದಿನ ಸಪ್ಪೆ, ನಾಲ್ಕನೆಯ ದಿನ ಉಪ್ಪುಪ್ಪು. ಅಮ್ಮನನ್ನು ಕೇಳಿದರೆ, "ಕೈ ಅಳತೆ ಕಣೋ, ಬೇಯುವಾಗ ನೋಡಿದರೆ ಗೊತ್ತಾಗತ್ತೆ" ಎಂದರು. ಅವರ ಕೈಗೆ ಐವತ್ತು ವರ್ಷದ ಅಭ್ಯಾಸ, ನನ್ನದಕ್ಕೆ ನಾಲ್ಕು ದಿನದ್ದು.

ಆಮೇಲೆ ಹೊಳೆದ ಉಪಾಯ ತೀರಾ ಸರಳ. ರುಚಿ ನೋಡಬಾರದು ಎಂಬುದು ನೈವೇದ್ಯದ ದಿನದ ಪಾತ್ರೆಗೆ. ಅದೇ ಹುಗ್ಗಿಯನ್ನು ರಾತ್ರಿ ಊಟಕ್ಕೆಂದು ನಮಗಾಗಿ ಮಾಡಿಕೊಂಡರೆ ಯಾರು ಬೇಡ ಅಂದಾರು? ಅದೇ ಲೋಟ, ಅದೇ ಪಾತ್ರೆ, ಅದೇ ಉಪ್ಪಿನಲ್ಲಿ ಎರಡು ರಾತ್ರಿ ಮಾಡಿ, ತಿಂದು ನೋಡಿ ಬರೆದಿಟ್ಟುಕೊಂಡೆ. ನಮ್ಮ ಚಿಕ್ಕ ಲೋಟದಲ್ಲಿ ಒಂದು ಲೋಟ ಅಕ್ಕಿ, ಒಂದು ಲೋಟ ಹೆಸರುಬೇಳೆ, ಏಳು ಲೋಟ ನೀರು; ಇದಕ್ಕೆ ಪುಡಿ ಉಪ್ಪು ಟೀ ಚಮಚದಲ್ಲಿ ತಲೆ ಸವರಿ ಎರಡು. ಉಪ್ಪು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಕಲ್ಲುಪ್ಪಿನ ಹರಳುಗಳ ನಡುವೆ ಜಾಗ ಇರುವುದರಿಂದ ಒಂದು ಚಮಚ ಕಲ್ಲುಪ್ಪು ಒಂದು ಚಮಚ ಪುಡಿ ಉಪ್ಪಿಗೆ ಸಮವಲ್ಲ. ಹೊಸ ಪೊಟ್ಟಣ ಒಡೆದಾಗ ಇದನ್ನು ಮರೆತು ಒಮ್ಮೆ ಪೆಟ್ಟು ತಿಂದಿದ್ದೇನೆ.

ಇನ್ನೊಂದು ತೊಂದರೆ ಇತ್ತು. ನಸುಕಿನ ನಿದ್ದೆಗಣ್ಣಲ್ಲಿ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದರೆ ನಾಲಿಗೆಯನ್ನು ಕೇಳುವ ಹಾಗಿಲ್ಲ. ಅದಕ್ಕೇ ಒಲೆ ಹಚ್ಚುವ ಮೊದಲೇ ಉಪ್ಪನ್ನು ಅಳೆದು ಪುಟ್ಟ ಬಟ್ಟಲಲ್ಲಿ ಇಡುತ್ತೇನೆ. ಬಟ್ಟಲು ಖಾಲಿ ಇದ್ದರೆ ಹಾಕಿದೆ ಎಂದರ್ಥ. ಮೆಣಸು, ಜೀರಿಗೆ, ಹೆಚ್ಚಿದ ಶುಂಠಿ, ಕಾಯಿತುರಿಗೂ ಹೀಗೇ ಬಟ್ಟಲುಗಳ ಸಾಲು. ಸಿಹಿ ಹುಗ್ಗಿಯ ಬೆಲ್ಲವನ್ನು ಹಿಂದಿನ ದಿನವೇ ಕುಟ್ಟಿಡುತ್ತೇನೆ. ಬೆಳಗ್ಗೆ ನೀರಲ್ಲಿ ಕರಗಿಸಿ ಶೋಧಿಸಲೇಬೇಕು. ಮರಳಿದ್ದರೆ ಅದು ಹಲ್ಲಿಗೆ ಸಿಗುವುದು ನೈವೇದ್ಯ ಆದ ಮೇಲೆಯೇ.

ಅಡುಗೆಮನೆಯ ಕೆಲಸ ಹಿಂದಿನ ರಾತ್ರಿಯೇ ಶುರು. ಊಟದ ಎಂಜಲು ತಟ್ಟೆಗಳನ್ನೂ ಅನ್ನದ ಮುಸುರೆ ಪಾತ್ರೆಗಳನ್ನೂ ತೊಳೆದಿಟ್ಟು, ಉಳಿದದ್ದನ್ನು ಫ್ರಿಜ್ಜಿಗೆ ಸಾಗಿಸಿ, ಸಿಂಕು, ಕಟ್ಟೆ, ಒಲೆ ಮೂರನ್ನೂ ತೊಳೆಯುತ್ತೇನೆ. ಬರ್ನರಿನ ಕೆಳಗಿನ ತಟ್ಟೆ ತೆಗೆದು ನೋಡಿ, ಉಕ್ಕಿದ ಹಾಲೂ ಅಂಟಿದ ಅನ್ನದಗುಳೂ ಅಲ್ಲೇ ಅಡಗಿರುತ್ತವೆ. ಒರೆಸುವ ಬಟ್ಟೆ ಬೇರೆಯದೇ ಇರಲಿ. ದಿನದ ಬಟ್ಟೆಯಲ್ಲಿ ಒರೆಸಿದರೆ ನಿನ್ನೆಯ ಈರುಳ್ಳಿ ವಾಸನೆಯನ್ನು ಕಟ್ಟೆಗೆಲ್ಲ ಬಳಿದ ಹಾಗೆ. ಬೆಳಗ್ಗೆ ಸ್ನಾನ ಮಾಡಿ, ಹಿಂದಿನ ದಿನ ಒಗೆದು ಯಾರೂ ಮುಟ್ಟದಂತೆ ಎತ್ತರದಲ್ಲಿ ಒಣಗಿಸಿದ ಪಂಚೆ ಉಟ್ಟು, ಹೊಸ ನೀರು ಹಿಡಿದು, ಒಲೆಗೆ ಒಂದೆಳೆ ರಂಗೋಲಿ ಹಾಕಿ ಶುರುಮಾಡುವುದು. ನನ್ನ ಅಜ್ಜಿ ಒದ್ದೆ ಸೀರೆಯಲ್ಲಿ ನಡುಗುತ್ತ ಮಾಡುತ್ತಿದ್ದರಂತೆ. ಆ ಮಡಿ ನನಗೆ ಬೇಡ. ಒದ್ದೆಯಲ್ಲಿ ನಡುಗಿದ್ದು ಮನೆಯ ಹೆಂಗಸರು ಮಾತ್ರ ಎನ್ನುವುದನ್ನು ನಾನು ಮರೆತಿಲ್ಲ. ತಲೆಗೆ ಮಾತ್ರ ವಸ್ತ್ರ ಸುತ್ತಿಕೊಳ್ಳುತ್ತೇನೆ. ಕೂದಲು ಬಿದ್ದ ಹುಗ್ಗಿಯನ್ನು ದೇವರ ಮುಂದೆ ಇಡುವುದಿಲ್ಲ, ಮತ್ತೆ ಮಾಡಲು ಸೂರ್ಯ ಕಾಯುವುದಿಲ್ಲ.

ಬೇಳೆಯನ್ನು ಸಣ್ಣ ಉರಿಯಲ್ಲಿ ನಸುಗೆಂಪಾಗುವವರೆಗೆ ಹುರಿದು, ಅಕ್ಕಿಯೊಡನೆ ತೊಳೆದು, ಕುದಿಯುವ ನೀರಿಗೆ ಹಾಕುತ್ತೇನೆ. ಹುರಿದ ಬೇಳೆಯ ಘಮ ತಾನಾಗಿ ಮೂಗಿಗೆ ಬಂದರೆ ತಪ್ಪಿಲ್ಲ, ಬಗ್ಗಿ ಮೂಸಬಾರದು ಅಷ್ಟೇ. ಬೆಂದಿದೆಯೇ ಎಂದು ನೋಡಲು ಒಂದಗುಳನ್ನು ಸೌಟಿನ ಬೆನ್ನಲ್ಲಿ ಒತ್ತಿದರೆ ಸಾಕು, ನಡುವೆ ಬಿಳಿ ಚುಕ್ಕೆ ಉಳಿಯಬಾರದು. ಬೆರಳಲ್ಲಿ ಹಿಸುಕಿದರೆ ಆ ಕೈ ಮುಸುರೆ, ತೊಳೆಯದೆ ತುಪ್ಪದ ಪಾತ್ರೆ ಮುಟ್ಟಿದರೆ ಅಮ್ಮ ನಡುಮನೆಯಿಂದಲೇ ಗದರುತ್ತಾರೆ. ಕಾಣದಿದ್ದರೂ ಅವರಿಗೆ ಹೇಗೆ ತಿಳಿಯುತ್ತದೋ! ಕೊನೆಗೆ ಉಪ್ಪು, ಕಾಯಿತುರಿ, ತುಪ್ಪದಲ್ಲಿ ಮೆಣಸು ಜೀರಿಗೆ ಶುಂಠಿಯ ಒಗ್ಗರಣೆ. ಜೊತೆಗೆ ಹುಣಸೆಗೊಜ್ಜು. ಗೊಜ್ಜನ್ನು ಕಲಾಯಿ ಹೋದ ಹಿತ್ತಾಳೆಯಲ್ಲಿ ಕುದಿಸಬೇಡಿ, ಹುಳಿಗೆ ಕಿಲುಬು ಬಿಟ್ಟುಕೊಳ್ಳುತ್ತದೆ. ಅದನ್ನು ನಾಲಿಗೆಯಿಂದ ಪತ್ತೆ ಮಾಡುವ ದಾರಿಯೂ ನಮಗಿಲ್ಲ. ಅಡುಗೆ ಮುಗಿಯುವವರೆಗೆ ಪಾತ್ರೆಯ ಮೇಲೆ ಮಾತಾಡುವುದಿಲ್ಲ, ಉಗುಳು ಸಿಡಿಯುತ್ತದೆ.

ದೇವರ ಮುಂದೆ ನೆಲ ಒರೆಸಿ, ನೀರಿನಿಂದ ಚೌಕ ಮಂಡಲ ಬರೆದು, ಅದರ ಮೇಲೆ ಬಾಳೆಲೆ. ಎಲೆಯ ತುದಿ ಉಣ್ಣುವವರ ಎಡಕ್ಕಿರಬೇಕು. ದೇವರು ನನ್ನೆದುರು ಕೂತಿರುವುದರಿಂದ ಅದು ನನ್ನ ಬಲಕ್ಕೆ ಬರುತ್ತದೆ. ಮೊದಮೊದಲು ಇದನ್ನೇ ತಿರುಗುಮುರುಗು ಮಾಡುತ್ತಿದ್ದೆ. ಎಲೆಗೆ ಒಂದು ತೊಟ್ಟು ತುಪ್ಪ, ಮೇಲೆ ಖಾರದ ಹುಗ್ಗಿ, ಸಿಹಿ ಹುಗ್ಗಿ, ಗೊಜ್ಜು, ಮತ್ತೆ ತುಪ್ಪ, ಒಂದೊಂದಕ್ಕೂ ಒಂದು ತುಳಸಿದಳ. ಪಕ್ಕದಲ್ಲಿ ಕುಡಿಯುವ ನೀರು, ಅದನ್ನು ಮರೆಯುವವರೇ ಹೆಚ್ಚು. ಗಾಯತ್ರಿ ಹೇಳಿ ಪ್ರೋಕ್ಷಿಸಿ, ಸುತ್ತ ನೀರು ಕಟ್ಟಿ, "ಪ್ರಾಣಾಯ ಸ್ವಾಹಾ" ಎಂದು ಶುರುಮಾಡಿ ಅಪಾನ, ವ್ಯಾನ, ಉದಾನ, ಸಮಾನ ಐದಕ್ಕೂ ಕೈಯಲ್ಲಿ ತೋರಿಸಿ, ಪರದೆ ಎಳೆದು ಹೊರಗೆ ಬರುತ್ತೇನೆ. ಉಣ್ಣುವವರ ಬಾಯಿ ನೋಡಬಾರದಲ್ಲ. ಐದು ನಿಮಿಷ ಬಿಟ್ಟು ಒಳಗೆ ಹೋಗಿ ಕೈತೊಳೆಯಲು ನೀರು, ತಾಂಬೂಲ, ಮಂಗಳಾರತಿ. ಆಮೇಲೆ ಎಲೆಯ ಮೇಲಿನ ಹುಗ್ಗಿಯನ್ನು ಪಾತ್ರೆಗೇ ಬೆರೆಸುತ್ತೇನೆ, ಆಗ ಪಾತ್ರೆಯದೆಲ್ಲ ಪ್ರಸಾದ. ಕೆಲವರು ಪಾತ್ರೆಯನ್ನೇ ದೇವರ ಮುಂದೆ ಇಡುತ್ತಾರೆ, ಅದೂ ಸರಿಯೇ.

ಎಷ್ಟು ಅಳೆದರೂ ಕೈಕೊಟ್ಟದ್ದು ಸೌತೆಕಾಯಿ. ಒಂದು ಭಾನುವಾರ ಹುಗ್ಗಿಯ ಜೊತೆ ಕೋಸಂಬರಿಯನ್ನೂ ಮಾಡಿದ್ದೆ. ತುದಿ ಕೊಯ್ದು ಉಜ್ಜಿ ನೊರೆ ತೆಗೆದೂ ಆಗಿತ್ತು. ಪ್ರಸಾದಕ್ಕೆ ಕೂತು ಬಾಯಿಗಿಟ್ಟರೆ ವಿಷದಂಥ ಕಹಿ. ಸೌತೆಕಾಯಿಯ ಕಹಿ ಹೊರಗಿನಿಂದ ಕಾಣುವುದಿಲ್ಲ, ಉಜ್ಜಿದರೆ ಪೂರ್ತಿ ಹೋಗುವುದೂ ಇಲ್ಲ. ನನಗೋ ಮುಖ ಸಣ್ಣದಾಯಿತು. "ಅಮ್ಮಾ, ದೇವರಿಗೆ ಕಹಿ ಬಡಿಸಿಬಿಟ್ಟೆನಲ್ಲ" ಎಂದೆ. ಅಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, "ಅವನು ಉಂಡಾಯಿತಲ್ಲ, ಈಗ ನೀನು ಉಣ್ಣು" ಎಂದು ತಮ್ಮ ಎಲೆಯದನ್ನೂ ನನ್ನ ಎಲೆಗೆ ಸರಿಸಿದರು. ಅಂದಿನಿಂದ ನೈವೇದ್ಯದ ಕೋಸಂಬರಿಗೆ ಕ್ಯಾರೆಟ್ಟು.