80 ಡೆಸಿಬೆಲ್ 74 ಆದ ಬಗೆ: ಒಂದು ಆಂಪ್ಲಿಫೈಯರ್‌ನ ಲೆಕ್ಕ

ಬಾಗಲಕೋಟೆಯ ನನ್ನ ದುರಸ್ತಿ ಅಂಗಡಿಗೆ ಬನಶಂಕರಿ ಜಾತ್ರೆಯ ಮುಂಚೆ ನಾಟಕ ಕಂಪನಿಗಳ ಆಂಪ್ಲಿಫೈಯರ್‌ಗಳು ಬರುತ್ತವೆ. ಅವುಗಳಲ್ಲಿ ಒಂದರ ದೂರು, ಸದ್ದು ಬರುತ್ತದೆ ಆದರೆ ಮೊದಲಿನಷ್ಟು ಜೋರಿಲ್ಲ ಎಂಬುದಾಗಿತ್ತು. ಯಾವ ಭಾಗವೂ ಸುಡದೆ ಬರುವ ಇಂಥ ದೋಷವನ್ನು ಕಿವಿಯಿಂದ ಹಿಡಿಯುವುದು ಕಷ್ಟ. ಆದ್ದರಿಂದ ಪ್ರತಿ ಹಂತದ ಗೇನ್ ಅನ್ನು ಅಳೆದು, ಡೆಸಿಬೆಲ್‌ಗೆ ಬದಲಿಸಿ, ಕೂಡಿಸಿ ನೋಡುವ ಕ್ರಮವನ್ನು ನಾನು ಇಟ್ಟುಕೊಂಡಿದ್ದೇನೆ. ಬೇಕಾಗುವ ಸೂತ್ರಗಳು ಎರಡೇ.

```
ವೋಲ್ಟೇಜ್ ಗೇನ್: dB = 20 log10(Vout/Vin)
ಪವರ್ ಗೇನ್:    dB = 10 log10(Pout/Pin)
```

ಮೂಲದಲ್ಲಿ ಡೆಸಿಬೆಲ್ ಎಂಬುದು ಪವರ್‌ಗಳ ಅನುಪಾತದ ಅಳತೆ. ಪವರ್ ಎಂಬುದು ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದ ಮೊತ್ತವಾದ್ದರಿಂದ, ಆ ವರ್ಗದ ಎರಡು ಲಾಗ್‌ನ ಮುಂದೆ ಬಂದು 10 ಇದ್ದದ್ದು 20 ಆಗುತ್ತದೆ. ಕ್ಯಾಲ್ಕ್ಯುಲೇಟರ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ವೋಲ್ಟೇಜ್ 10 ಪಟ್ಟಾದರೆ 20 ಡೆಸಿಬೆಲ್, 2 ಪಟ್ಟಾದರೆ ಸುಮಾರು 6 ಡೆಸಿಬೆಲ್ ಎಂದು ನೆನಪಿಟ್ಟರೆ ಸಾಕು.

ಈ ಆಂಪ್ಲಿಫೈಯರ್‌ನಲ್ಲಿ ಮೂರು ಹಂತಗಳಿದ್ದವು: ಮೈಕ್ ಪ್ರೀಆಂಪ್, ಟೋನ್ ಕಂಟ್ರೋಲ್ ಮತ್ತು ಡ್ರೈವರ್ ಸೇರಿದ ಪವರ್ ಬೋರ್ಡ್. ಮೈಕಿನಿಂದ ಬರುವಂಥ 2 ಮಿಲಿವೋಲ್ಟ್ ಸಿಗ್ನಲ್ ಅನ್ನು ನೇರವಾಗಿ ಅಳೆಯುವುದು ತೊಡಕಿನದು. ಆದ್ದರಿಂದ ಜನರೇಟರ್‌ನಲ್ಲಿ 1 ಕಿಲೋಹರ್ಟ್ಸ್‌ನ 2 ವೋಲ್ಟ್ ಇಟ್ಟು, 10 ಕಿಲೋಓಮ್ ಮತ್ತು 10 ಓಮ್ ರೆಸಿಸ್ಟರ್‌ಗಳ ಡಿವೈಡರ್ ಮೂಲಕ ಅದನ್ನು ಸಾವಿರದಲ್ಲಿ ಒಂದು ಭಾಗಕ್ಕೆ, ಎಂದರೆ 60 ಡೆಸಿಬೆಲ್‌ನಷ್ಟು, ಇಳಿಸಿದೆ. ಸ್ಪೀಕರ್ ಜಾಗದಲ್ಲಿ 8 ಓಮ್‌ನ ದಪ್ಪ ವೈರ್‌ವೌಂಡ್ ರೆಸಿಸ್ಟರ್ ಹಾಕಿದೆ.

ಹಂತಗಳನ್ನು ಬಿಡಿಸಿ ಒಂದೊಂದಾಗಿ ಅಳೆದಾಗ ಪ್ರೀಆಂಪ್ 2 ಮಿಲಿವೋಲ್ಟನ್ನು 100 ಮಿಲಿವೋಲ್ಟ್ ಮಾಡುತ್ತಿತ್ತು. ಇದು 50 ಪಟ್ಟು. 50 ಎಂದರೆ 100ರ ಅರ್ಧ, ಆದ್ದರಿಂದ 40ರಲ್ಲಿ 6 ಕಳೆದು 34 ಡೆಸಿಬೆಲ್. ಟೋನ್ ಕಂಟ್ರೋಲ್ ಸಿಗ್ನಲ್ ಅನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸುತ್ತಿತ್ತು. ಟ್ರಾನ್ಸಿಸ್ಟರ್ ಇಲ್ಲದ ಟೋನ್ ಕಂಟ್ರೋಲ್‌ನಲ್ಲಿ ಇದು ದೋಷವಲ್ಲ, ಅದರ ಸ್ವಭಾವ. ಅದರ ಗೇನ್ −20 ಡೆಸಿಬೆಲ್. ಪವರ್ ಬೋರ್ಡ್ 10 ಮಿಲಿವೋಲ್ಟಿಗೆ 20 ವೋಲ್ಟ್ ಕೊಡುತ್ತಿತ್ತು. 2000 ಪಟ್ಟು ಎಂದರೆ 60ಕ್ಕೆ 6 ಸೇರಿ 66 ಡೆಸಿಬೆಲ್. ಸಾಲಾಗಿ ಜೋಡಿಸಿದ ಹಂತಗಳಲ್ಲಿ ಪಟ್ಟುಗಳನ್ನು ಗುಣಿಸಬೇಕಾದಲ್ಲಿ ಡೆಸಿಬೆಲ್‌ಗಳನ್ನು ಕೂಡಿಸಿದರಾಯಿತು: 34 − 20 + 66 = 80 ಡೆಸಿಬೆಲ್, ಅಂದರೆ 10,000 ಪಟ್ಟು.

ಹಂತಗಳನ್ನು ಮತ್ತೆ ಜೋಡಿಸಿ ಅಳೆದರೆ ಔಟ್‌ಪುಟ್ 20 ವೋಲ್ಟ್ ಬರದೆ 10 ವೋಲ್ಟ್ ಬಂತು. ಒಟ್ಟು ಗೇನ್ 74 ಡೆಸಿಬೆಲ್. ನನ್ನಲ್ಲಿ ಕೆಲಸ ಕಲಿಯುವ ಹುಡುಗ, "ಸರ, ಕೂಡಿಸಿದ್ರ ಎಂಬತ್ತ ಆಗ್ತಿತ್ತಲ್ರಿ, ಆರು ಎಲ್ಲಿ ಹೋತ್ರಿ?" ಎಂದು ಕೇಳಿದ. ಸರಿಯಾಗಿ 6 ಕಡಿಮೆಯಾದದ್ದೇ ಸುಳಿವು: ಎಲ್ಲೋ ವೋಲ್ಟೇಜ್ ಅರ್ಧವಾಗುತ್ತಿದೆ. ಹಿಂದೊಮ್ಮೆ ಯಾರೋ ಪವರ್ ಬೋರ್ಡ್ ಬದಲಾಯಿಸಿದ್ದರು. ಹೊಸ ಬೋರ್ಡಿನ ಇನ್‌ಪುಟ್ ರೋಧ 10 ಕಿಲೋಓಮ್ ಮಾತ್ರ ಇತ್ತು. ಟೋನ್ ಕಂಟ್ರೋಲ್‌ನ ಔಟ್‌ಪುಟ್ ರೋಧವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಸೇರಿ ಡಿವೈಡರ್ ಆಗಿ 10 ಮಿಲಿವೋಲ್ಟನ್ನು 5ಕ್ಕೆ ಇಳಿಸಿದ್ದವು. ಡೆಸಿಬೆಲ್‌ಗಳನ್ನು ಕೂಡಿಸುವ ಲೆಕ್ಕ ತಪ್ಪಲ್ಲ. ಆದರೆ ಪ್ರತಿ ಹಂತವನ್ನು ಅದರ ಮುಂದಿನ ಹಂತದ ಹೊರೆ ಇರುವಾಗಲೇ ಅಳೆದಿರಬೇಕು. ಹಾಗೆ ಅಳೆದಾಗ ಟೋನ್ ಕಂಟ್ರೋಲ್‌ನ ಗೇನ್ −26 ಡೆಸಿಬೆಲ್ ಎಂದು ಬಂದು, ಲೆಕ್ಕವೂ ಅಳತೆಯೂ ಕೂಡಿದವು.

ಪವರ್‌ನಲ್ಲಿ ನೋಡಿದರೆ 8 ಓಮ್‌ಗೆ 20 ವೋಲ್ಟ್ ಎಂದರೆ 50 ವ್ಯಾಟ್, 10 ವೋಲ್ಟ್ ಎಂದರೆ 12.5 ವ್ಯಾಟ್. ಕಾಲು ಭಾಗವಾದರೂ 10 ಲಾಗ್ ಹಾಕಿದರೆ ಇಳಿಕೆ ಅದೇ 6 ಡೆಸಿಬೆಲ್. ಲೋಡ್ ಬದಲಾಗದಿದ್ದರೆ ಎರಡೂ ಸೂತ್ರಗಳು ಒಂದೇ ಉತ್ತರ ಕೊಡುತ್ತವೆ. ಆದರೆ ಇನ್‌ಪುಟ್‌ನಿಂದ ಔಟ್‌ಪುಟ್‌ವರೆಗಿನ ಗೇನ್‌ಗೆ ಇದು ಹೊಂದುವುದಿಲ್ಲ. ಪ್ರೀಆಂಪ್‌ನ ಇನ್‌ಪುಟ್ ರೋಧ 1 ಕಿಲೋಓಮ್ ಆದ್ದರಿಂದ 2 ಮಿಲಿವೋಲ್ಟ್ ಅಲ್ಲಿ ಕೊಡುವುದು 4 ನ್ಯಾನೋವ್ಯಾಟ್. ಅದು 50 ವ್ಯಾಟ್ ಆದರೆ 1250 ಕೋಟಿ ಪಟ್ಟು, ಎಂದರೆ 101 ಡೆಸಿಬೆಲ್ ಪವರ್ ಗೇನ್. ವೋಲ್ಟೇಜ್ ಗೇನ್ 80 ಇದ್ದು ಇದು 101 ಆಗಲು ಕಾರಣ 1000 ಓಮ್ ಮತ್ತು 8 ಓಮ್‌ಗಳ ನಡುವಿನ 125 ಪಟ್ಟು ಅಂತರ. 10 log10(125) ಎಂದರೆ ಅದೇ 21. ಆದ್ದರಿಂದ ಬರೀ "ಗೇನ್ ಇಷ್ಟು ಡೆಸಿಬೆಲ್" ಎಂದು ಬರೆದ ಕಾಗದವನ್ನು ನಾನು ನಂಬುವುದಿಲ್ಲ, ವೋಲ್ಟೇಜಿನದೋ ಪವರಿನದೋ ಎಂದು ಮೊದಲು ಕೇಳುತ್ತೇನೆ.

ದುರಸ್ತಿಗೆಂದು ಟೋನ್ ಕಂಟ್ರೋಲ್ ಮತ್ತು ಪವರ್ ಬೋರ್ಡ್ ನಡುವೆ ಒಂದು BC547 ಟ್ರಾನ್ಸಿಸ್ಟರ್‌ನ ಎಮಿಟರ್ ಫಾಲೋವರ್ ಸೇರಿಸಿದೆ. ಔಟ್‌ಪುಟ್ 18 ವೋಲ್ಟ್‌ಗೆ ಏರಿತು, ಒಟ್ಟು 79 ಡೆಸಿಬೆಲ್ ಆಯಿತು. ಫಾಲೋವರ್‌ನ ಇನ್‌ಪುಟ್ ರೋಧವೂ ಸುಮಾರು 100 ಕಿಲೋಓಮ್ ಅಷ್ಟೇ ಆದ್ದರಿಂದ ಉಳಿದ 1 ಡೆಸಿಬೆಲ್ ಅಲ್ಲಿ ಹೋಗುತ್ತದೆ, ಅದು ಕಿವಿಗೆ ತಿಳಿಯುವಂಥದ್ದಲ್ಲ. ಆ ಫಾಲೋವರ್‌ನ ವೋಲ್ಟೇಜ್ ಗೇನ್ ಹೆಚ್ಚುಕಡಿಮೆ 0 ಡೆಸಿಬೆಲ್. ಹುಡುಗನಿಗೆ ಅದು ಸೊನ್ನೆ ಕೆಲಸದ ಹಂತವೆಂದು ಕಂಡಿತು. ಆದರೆ ಅದೇ ವೋಲ್ಟೇಜನ್ನು 100 ಕಿಲೋಓಮ್‌ನಲ್ಲಿ ಪಡೆದು 10 ಕಿಲೋಓಮ್‌ಗೆ ಕೊಡುವ ಅದರ ಪವರ್ ಗೇನ್ 10 ಪಟ್ಟು, ಅಂದರೆ 10 ಡೆಸಿಬೆಲ್.