ಭಾಮೈದನ ಹೆಸರಿಗೆ ಬರೆಸಲು ಹೊರಟಿದ್ದ ಸೈಟು

ನಾನು ಪುಣೆಯಲ್ಲಿ ಕೆಲಸದಲ್ಲಿದ್ದಾಗ ತುಮಕೂರಿನಲ್ಲಿ ಒಂದು 30×40 ಸೈಟು ಮಾತಿಗೆ ಬಂತು. ಬೆಲೆ 36 ಲಕ್ಷ. ಪದೇ ಪದೇ ರಜೆ ಹಾಕಿ ಬರಲು ಆಗದೆಂದು ಊರಲ್ಲೇ ಇದ್ದ ಭಾಮೈದನ ಹೆಸರಿಗೆ ಕರಾರು ಮಾಡಿಸಿದೆ. ನಾನು ಅವನ ಖಾತೆಗೆ ಹಾಕಿದ 2 ಲಕ್ಷವನ್ನೇ ಅವನು ಮುಂಗಡ ಕೊಟ್ಟ. ವಾಪಸ್ ಬಂದ ಮೇಲೆ ನನ್ನ ಹೆಸರಿಗೆ ಮಾಡಿಸಿಕೊಂಡರಾಯಿತು ಅಂದುಕೊಂಡಿದ್ದೆ.

ಕಾಗದಪತ್ರ ನೋಡಿದ ವಕೀಲರು ಮೊದಲು ಕೇಳಿದ್ದು, "ದುಡ್ಡು ಯಾರದು?"

"ನನ್ನ ಸಂಬಳದ್ದೇ ಸಾರ್, ತೆರಿಗೆ ಕಟ್ಟಿದ ದುಡ್ಡು."

"ಬಿಳಿ ದುಡ್ಡಾದರೂ ಅಷ್ಟೇ. ದುಡ್ಡು ನಿಮ್ಮದು, ಅನುಭವಿಸೋರು ನೀವು, ಹೆಸರು ಮಾತ್ರ ಅವರದು. ಬೇನಾಮಿ ಅಂದ್ರೆ ಇದೇ."

ಬೇನಾಮಿ ಅಂದರೆ ಕಪ್ಪುಹಣ ಎಂದೇ ನಾನು ನಂಬಿದ್ದೆ. ವಕೀಲರು ಬಿಡಿಸಿ ಹೇಳಿದರು. ತೆರಿಗೆ ತಪ್ಪಿಸುವುದೋ ಸಾಲಗಾರರಿಂದ ಆಸ್ತಿ ಬಚ್ಚಿಡುವುದೋ ಉದ್ದೇಶವಾಗಿದ್ದರೆ 1ರಿಂದ 7 ವರ್ಷ ಜೈಲು. ಆ ಉದ್ದೇಶ ಇಲ್ಲದಿದ್ದರೂ ಆಸ್ತಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ನಾಳೆ ಭಾಮೈದನೇ "ಇದು ನಂದು" ಅಂದರೆ, ದುಡ್ಡು ನನ್ನದೆಂದು ಕೋರ್ಟಿನಲ್ಲಿ ದಾವೆ ಹೂಡಿ ಆಸ್ತಿ ಕೇಳುವ ಹಕ್ಕೂ ನನಗಿರುವುದಿಲ್ಲ. ಈ ಕೊನೆಯ ಮಾತು ಕೇಳಿ ಆ ರಾತ್ರಿ ನಿದ್ದೆ ಬರಲಿಲ್ಲ.

ಕಾನೂನು ಬಿಟ್ಟಿರುವ ದಾರಿ ಸಣ್ಣದು. ಹೆಂಡತಿ, ಗಂಡ ಅಥವಾ ಮಕ್ಕಳ ಹೆಸರಿಗೆ ಕೊಳ್ಳಬಹುದು, ಆದರೆ ಹಣ ಮೂಲ ತೋರಿಸಬಹುದಾದ ನಮ್ಮ ಆದಾಯದಿಂದ ಬಂದಿರಬೇಕು. ಅಣ್ಣತಮ್ಮ, ಅಕ್ಕತಂಗಿ, ಅಪ್ಪಅಮ್ಮನ ಹೆಸರಿಗಾದರೆ ಅದರ ಜೊತೆಗೆ ದಾಖಲೆಯಲ್ಲಿ ನಮ್ಮ ಹೆಸರೂ ಜಂಟಿ ಮಾಲೀಕರಾಗಿ ಇರಬೇಕು. ಭಾಮೈದ, ನಾದಿನಿ, ಅತ್ತೆ, ಮಾವ ಈ ಪಟ್ಟಿಯಲ್ಲೇ ಇಲ್ಲ. ಎಷ್ಟೇ ಹತ್ತಿರದ ನೆಂಟರಾದರೂ ಇಲ್ಲ.

ಕ್ರಯ ಇನ್ನೂ ಆಗಿರಲಿಲ್ಲ, ಅದೇ ಪುಣ್ಯ. ಹಳೆಯ ಕರಾರನ್ನು ಬರಹದಲ್ಲೇ ರದ್ದು ಮಾಡಿಸಿದೆವು. ಮಾರುವವರು 2 ಲಕ್ಷವನ್ನು ಭಾಮೈದನ ಖಾತೆಗೆ ಹಿಂದಿರುಗಿಸಿದರು, ಅವನು ಅದನ್ನು ನನ್ನ ಖಾತೆಗೆ ಹಾಕಿದ. ನಗದಾಗಿ ಕೊಟ್ಟು ಮುಗಿಸೋಣ ಅಂದಿದ್ದ, ನಾನು ಒಪ್ಪಲಿಲ್ಲ. ಆಮೇಲೆ ಹೆಂಡತಿಯ ಹೆಸರಿಗೆ ಹೊಸ ಕರಾರು. 36 ಲಕ್ಷವೂ ನನ್ನ ಸಂಬಳದ ಖಾತೆಯಿಂದಲೇ ನೇರವಾಗಿ ಮಾರುವವರಿಗೆ ಹೋಯಿತು. ಕ್ರಯಪತ್ರದಲ್ಲಿ "ಖರೀದಿದಾರರ ಪತಿಯ ಖಾತೆಯಿಂದ ಪಾವತಿಯಾಗಿದೆ" ಎಂದು ಪ್ರತಿ ಪಾವತಿಯ ತಾರೀಖು, ಮೊತ್ತ, ವಹಿವಾಟಿನ ಸಂಖ್ಯೆ ಬರೆಸಿದೆವು.

ಒಂದು ಮೊತ್ತ ಮಾತ್ರ ಕಾಡಿತು. ಆ 36 ಲಕ್ಷದಲ್ಲಿ 3 ಲಕ್ಷ ತೋಟದ ಅಡಿಕೆ ಮಾರಿ ಬಂದದ್ದು. ಖಾತೆಗೆ ಜಮಾ ಆಗಿತ್ತು, ಆದರೆ ಎಲ್ಲಿಂದ ಬಂತೆಂದು ಹೇಳಲು ಕಾಗದ ಬೇಕಲ್ಲ? ಮಂಡಿಯವರ ಹತ್ತಿರ ಹೋಗಿ ಹಳೆಯ ಮಾರಾಟದ ಪಟ್ಟಿಗಳ ನಕಲು ಬರೆಸಿಕೊಂಡು, ಪಹಣಿ ಜೊತೆ ಒಂದೇ ಕಡತದಲ್ಲಿಟ್ಟೆ. ಸಂಬಳದ ಚೀಟಿ, ರಿಟರ್ನ್ಸ್, ಪಾಸ್‌ಬುಕ್ ಎಲ್ಲ ಅದರಲ್ಲೇ ಇವೆ.

ಈಗ ಅಲ್ಲೊಂದು ಸಣ್ಣ ಮನೆ ಕಟ್ಟಿದ್ದೇವೆ. ಬಾಡಿಗೆ ಹೆಂಡತಿಯ ಖಾತೆಗೆ ಬರುತ್ತದೆ, ಆದರೆ ಹಣ ಹಾಕಿದ್ದು ನಾನಾದ್ದರಿಂದ ಆ ಆದಾಯವನ್ನು ನನ್ನ ರಿಟರ್ನ್ಸ್‌ನಲ್ಲಿ ತೋರಿಸಿ ತೆರಿಗೆ ಕಟ್ಟುತ್ತೇನೆ.