ಸಮ ಕಂತು ಬಿಟ್ಟ ಮೇಲೆ ಸಿಕ್ಕಿದ ಸಂಬಳದ ಮುಂಗಡ: ನನ್ನ ಅನುಭವ

ಮುಂಗಡದ ಮನವಿಯಲ್ಲಿ ಕಂತುಗಳು ಸಮನಾಗಿರದಿದ್ದರೆ ವ್ಯವಸ್ಥಾಪಕರು ಅದನ್ನು ಓದದೆಯೇ ಬದಿಗಿಡುತ್ತಾರೆ ಎಂದು ನಮ್ಮ ಕಚೇರಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಬೈಕಂಪಾಡಿಯ ಒಂದು ಖಾಸಗಿ ಸಂಸ್ಥೆಯಲ್ಲಿ ಉಗ್ರಾಣ ನೋಡಿಕೊಳ್ಳುವ ನಾನು ಎರಡು ಸಲ ಮನವಿ ಬರೆದು, ಎರಡನೆಯ ಸಲ ಅವರ ಮಾತಿನಂತೆಯೇ ಸಮ ಕಂತು ಇಟ್ಟರೂ, ಎರಡು ಸಲವೂ ಬರಿಗೈಯಲ್ಲಿ ಮರಳಿದೆ. ಮೂರನೆಯ ಸಲ ಅಸಮ ಕಂತುಗಳ ಪಟ್ಟಿ ಕೊಟ್ಟಾಗ ಐವತ್ತು ಸಾವಿರ ರೂಪಾಯಿ ನಾಲ್ಕು ದಿನಗಳಲ್ಲಿ ಖಾತೆಗೆ ಬಂತು. ಆ ಪತ್ರ ಹೇಗಿತ್ತೆಂದು ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಣ ಬೇಕಾಗಿದ್ದುದು ಮನೆಯ ಮಾಡಿಗೆ. ಪಕ್ಕಾಸುಗಳಿಗೆ ಗೆದ್ದಲು ಹಿಡಿದು, ರೀಪುಗಳು ಬಾಗಿ, ಹಂಚಿನ ಸಾಲುಗಳು ನಡುವೆ ಕುಸಿದಿದ್ದವು. ಮೊದಲ ವರ್ಷ ನಾನು ಬರೆದದ್ದು ಎರಡು ಪುಟಗಳ ಕಷ್ಟದ ಕಥೆ. ತಾಯಿಯ ಆರೋಗ್ಯ, ಮಕ್ಕಳ ಓದು, ಸೋರುವ ಮಾಡು ಎಲ್ಲವೂ ಅದರಲ್ಲಿದ್ದವು. ಕೊನೆಯಲ್ಲಿ "ಆದಷ್ಟು ಬೇಗ ತೀರಿಸುತ್ತೇನೆ" ಎಂಬ ಒಂದು ಸಾಲು. ವ್ಯವಸ್ಥಾಪಕರು ಸಹಾನುಭೂತಿಯಿಂದಲೇ ಓದಿ, "ಮಾರಾಯರೇ, ಇದನ್ನು ನಾನು ಲೆಕ್ಕದವರಿಗೆ ಏನೆಂದು ಕಳುಹಿಸಲಿ?" ಎಂದು ಹಿಂದಿರುಗಿಸಿದರು. ಆ ಮಳೆಗಾಲವನ್ನು ಟಾರ್ಪಾಲಿನ ಕೆಳಗೆ ಕಳೆದೆವು. ಟಾರ್ಪಾಲಿಗೆ ಸುಮಾರು ಮೂರೂವರೆ ಸಾವಿರ ಹೋಯಿತು, ಗಾಳಿಗೆ ಅದೂ ಹರಿಯಿತು.

ಎರಡನೆಯ ವರ್ಷ ಅರವತ್ತು ಸಾವಿರ ಕೇಳಿ, ತಿಂಗಳಿಗೆ ಹತ್ತು ಸಾವಿರದಂತೆ ಆರು ಸಮ ಕಂತು ಎಂದು ಚೊಕ್ಕವಾಗಿ ಬರೆದೆ. ಬೇಗ ತೀರಿಸುವವನಿಗೆ ಬೇಗ ಕೊಡುತ್ತಾರೆ ಎಂದು ನಾನು ಭಾವಿಸಿದ್ದೆ. ಲೆಕ್ಕ ವಿಭಾಗದಿಂದ ಅದು ಎರಡೇ ದಿನಗಳಲ್ಲಿ ಮರಳಿ ಬಂತು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ನನ್ನ ಸಂಬಳ ಸುಮಾರು 28,000. ಅದರಲ್ಲಿ ಭವಿಷ್ಯನಿಧಿಗೆ 1,800, ವೃತ್ತಿ ತೆರಿಗೆಗೆ 200, ಸಹಕಾರಿ ಸಂಘದ ಸಾಲಕ್ಕೆ 4,000, ಹೀಗೆ ಆರು ಸಾವಿರ ಆಗಲೇ ಕಡಿತವಾಗುತ್ತಿತ್ತು. ವೇತನ ಸಂಹಿತೆ, 2019ರ ಪ್ರಕಾರ ಒಂದು ವೇತನ ಅವಧಿಯ ಒಟ್ಟು ಕಡಿತ ವೇತನದ ಅರ್ಧವನ್ನು ದಾಟುವಂತಿಲ್ಲ. ನನ್ನ ಪಾಲಿಗೆ ಆ ಮಿತಿ 14,000. ನಾನು ಬರೆದುಕೊಟ್ಟದ್ದು 16,000. ಅಂದರೆ ವ್ಯವಸ್ಥಾಪಕರಿಗೆ ಮನಸ್ಸಿದ್ದರೂ ಸಹಿ ಹಾಕಲಾಗದ ಪತ್ರವನ್ನು ನಾನೇ ಅವರ ಕೈಗೆ ಕೊಟ್ಟಿದ್ದೆ. ಮಿತಿಯೊಳಗಿದ್ದರೂ ಆ ಕಂತು ಕಟ್ಟಿ ಉಳಿದ ಹನ್ನೆರಡು ಸಾವಿರದಲ್ಲಿ ಜೂನ್ ತಿಂಗಳ ಶಾಲೆಯ ಖರ್ಚು ನಿಭಾಯಿಸಲು ಸಾಧ್ಯವಿರಲಿಲ್ಲ. ಆಗಸ್ಟಿನಲ್ಲಿ ಮತ್ತೊಂದು ಮುಂಗಡಕ್ಕೆ ಅವರ ಮುಂದೆ ನಿಲ್ಲಬೇಕಾಗುತ್ತಿತ್ತು. ಆ ವರ್ಷ ಬಂಗಾರ ಅಡವಿಟ್ಟು ಅರ್ಧ ಮಾಡನ್ನು ಮಾತ್ರ ಸರಿಪಡಿಸಿದೆ. ಬಡ್ಡಿಗೆ ಹೋದದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂರನೆಯ ಸಲ ಪತ್ರ ಬರೆಯುವ ಮೊದಲು ಸಂಬಳ ಚೀಟಿಯನ್ನು ಮುಂದಿಟ್ಟುಕೊಂಡು ತಿರುವುಮುರುವಾಗಿ ಲೆಕ್ಕ ಹಾಕಿದೆ. ಎಷ್ಟು ತಿಂಗಳಲ್ಲಿ ತೀರಿಸಬಹುದು ಎಂಬುದನ್ನು ಬಿಟ್ಟು, ಮನೆಗೆ ತಿಂಗಳಿಗೆ ಎಷ್ಟು ಬಂದರೆ ಸಂಸಾರ ನಡೆಯುತ್ತದೆ ಎಂಬುದನ್ನು ಮೊದಲು ನಿರ್ಧರಿಸಿದೆ. ನನಗೆ ಹತ್ತೊಂಬತ್ತು ಸಾವಿರ ಬೇಕು. ಹಾಗಾದರೆ ಒಟ್ಟು ಕಡಿತ ಒಂಬತ್ತು ಸಾವಿರ ಇರಬಹುದು. ಸಂಘದ ಸಾಲದ ಕೊನೆಯ ಕಂತು ಆಗಸ್ಟಿನ ಸಂಬಳದಲ್ಲಿ ಮುಗಿಯುವುದಿತ್ತು. ಆದ್ದರಿಂದ ಜೂನ್, ಜುಲೈ, ಆಗಸ್ಟ್ ತಿಂಗಳುಗಳಿಗೆ ಮೂರು ಸಾವಿರದ ಕಂತು. ಸಂಘದ ನಾಲ್ಕು ಸಾವಿರ ಬಿಡುಗಡೆಯಾದ ಮೇಲೆ ಸೆಪ್ಟೆಂಬರಿನಿಂದ ಜನವರಿಯವರೆಗೆ ಏಳು ಸಾವಿರ. ಫೆಬ್ರವರಿಯಲ್ಲಿ ಉಳಿದ ಆರು ಸಾವಿರ. ಒಟ್ಟು ಐವತ್ತು ಸಾವಿರ, ಒಂಬತ್ತು ಕಂತು. ಕಂತು ಏರಿದರೂ ಮನೆಗೆ ಬರುವ ಮೊತ್ತ ಬದಲಾಗುವುದಿಲ್ಲ. ಸಹೋದ್ಯೋಗಿಗಳು ಪಟ್ಟಿಯನ್ನು ನೋಡಿ, ಮೊದಲು ಕಡಿಮೆ ಕಟ್ಟುವವನನ್ನು ಯಾರು ನಂಬುತ್ತಾರೆ ಎಂದು ನಕ್ಕರು.

ಪತ್ರದ ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ, ನನ್ನ ಮನೆಯ ಮಾಡಿನ ದುರಸ್ತಿಗೆ 62,000 ರೂಪಾಯಿ ತಗಲುವುದೆಂದು ಬಡಗಿಯವರು ಕೊಟ್ಟ ಅಂದಾಜು ಪಟ್ಟಿಯನ್ನು ಲಗತ್ತಿಸಿದ್ದೇನೆ. ಅದರಲ್ಲಿ 12,000 ರೂಪಾಯಿಗಳನ್ನು ನಾನೇ ಹೊಂದಿಸಿಕೊಂಡಿದ್ದು, ಉಳಿದ 50,000 ರೂಪಾಯಿಗಳನ್ನು ಸಂಬಳದ ಮುಂಗಡವಾಗಿ ಮಂಜೂರು ಮಾಡಬೇಕಾಗಿ ವಿನಂತಿಸುತ್ತೇನೆ. ಈ ಮೊತ್ತವನ್ನು ಜೂನ್‌ನಿಂದ ಆಗಸ್ಟ್‌ವರೆಗೆ ತಲಾ 3,000, ಸೆಪ್ಟೆಂಬರ್‌ನಿಂದ ಜನವರಿಯವರೆಗೆ ತಲಾ 7,000 ಹಾಗೂ ಫೆಬ್ರವರಿಯಲ್ಲಿ 6,000 ರೂಪಾಯಿಗಳಂತೆ ನನ್ನ ಸಂಬಳದಿಂದ ಕಡಿತಗೊಳಿಸಲು ಈ ಮೂಲಕ ಒಪ್ಪಿಗೆ ನೀಡುತ್ತೇನೆ. ಆಗಸ್ಟ್‌ಗೆ ಸಹಕಾರಿ ಸಂಘದ ಕಡಿತ ಮುಗಿಯುವುದರಿಂದ ಯಾವ ತಿಂಗಳಲ್ಲೂ ಒಟ್ಟು ಕಡಿತ 9,000 ರೂಪಾಯಿಗಳನ್ನು ಮೀರುವುದಿಲ್ಲ. ಬಾಕಿ ಉಳಿದಿರುವಾಗ ನಾನು ಕೆಲಸ ಬಿಡುವ ಸಂದರ್ಭ ಬಂದಲ್ಲಿ, ಉಳಿದ ಮೊತ್ತವನ್ನು ನನ್ನ ಅಂತಿಮ ಲೆಕ್ಕದಲ್ಲಿ ಹೊಂದಿಸಿಕೊಳ್ಳಲು ನನ್ನ ಸಮ್ಮತಿಯಿದೆ."

ಇದರಲ್ಲಿ ಕಷ್ಟದ ಕಥೆಗೆ ಸಿಕ್ಕಿದ್ದು ಅರ್ಧ ಸಾಲು ಮಾತ್ರ. ಸಂಘದ ಕಡಿತ ಯಾವಾಗ ಮುಗಿಯುತ್ತದೆ ಎಂಬ ವಾಕ್ಯವೇ ಮೂರು ಸಾವಿರದ ಕಂತಿಗೆ ಸಮರ್ಥನೆ. ಅದಿಲ್ಲದಿದ್ದರೆ ಸಹೋದ್ಯೋಗಿಗಳ ನಗು ಸರಿಯೇ ಆಗುತ್ತಿತ್ತು. ವ್ಯವಸ್ಥಾಪಕರು ಬೆರಳಿಟ್ಟು ತೋರಿಸಿದ್ದು ಮಾತ್ರ ಫೆಬ್ರವರಿಯ ಮೇಲೆ. ಮಾರ್ಚ್ 31ಕ್ಕೆ ಪುಸ್ತಕದಲ್ಲಿ ನೌಕರರ ಮುಂಗಡ ಬಾಕಿ ಉಳಿದರೆ ಲೆಕ್ಕ ಪರಿಶೋಧಕರ ಪ್ರಶ್ನೆಗಳಿಗೆ ಅವರು ಉತ್ತರಿಸಬೇಕು; ಒಂದು ತಿಂಗಳು ಮೊದಲೇ ಮುಗಿಯುವ ಪಟ್ಟಿ ಅವರಿಗೆ ಹಿಡಿಸಿತು. ಅದನ್ನು ನಾನು ಬೇಕೆಂದೇ ಹಾಗೆ ಜೋಡಿಸಿದ್ದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪತ್ರ ಕೊಟ್ಟದ್ದು ಮೇ ತಿಂಗಳ ಹನ್ನೆರಡರ ಸುಮಾರಿಗೆ, ಸಂಬಳ ಬಟವಾಡೆಯ ಗಡಿಬಿಡಿ ಮುಗಿದ ಮೇಲೆ. ಪತ್ರಕ್ಕಿಂತ ಮೊದಲು ಯಾರ ಮೇಜಿನ ಮೇಲೆ ಯಾವ ಹಾಳೆಯನ್ನು ಇಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದೆಯೂ ನನಗೆ ಅದು ಬೇಕಾಗಬಹುದು.

ಇದೇ ಉಪಾಯವನ್ನು ಮಲ್ಪೆಯ ಮಂಜುಗಡ್ಡೆ ಸ್ಥಾವರವೊಂದರಲ್ಲಿ ದುಡಿಯುವ ನನ್ನ ಭಾವನಿಗಾಗಿ ಪ್ರಯೋಗಿಸಿ ನೋಡಿದೆ. ಅವರ ಆದಾಯದಲ್ಲಿ ಮೂರನೇ ಒಂದು ಭಾಗ ಹೆಚ್ಚುವರಿ ದುಡಿಮೆಯದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಅದು ಇಲ್ಲವಾಗುತ್ತದೆ. ನಾನು ಹೆಚ್ಚುವರಿ ದುಡಿಮೆಯನ್ನೂ ಸೇರಿಸಿ ಲೆಕ್ಕ ಹಾಕಿದ್ದರಿಂದ ಮೊದಲ ಪಟ್ಟಿ ತಿರಸ್ಕೃತವಾಯಿತು. ಖಾಯಂ ಸಂಬಳವನ್ನು ಮಾತ್ರ ಹಿಡಿದು, ಆ ಎರಡು ತಿಂಗಳಿಗೆ ಸಾವಿರ ರೂಪಾಯಿಯ ಕಂತು ಇಟ್ಟು ಮತ್ತೆ ಬರೆದುಕೊಟ್ಟೆ. ಕೇಳಿದ್ದರಲ್ಲಿ ಅರ್ಧ ಮಾತ್ರ ಮಂಜೂರಾಯಿತು.

ನನ್ನ ಪತ್ರದಲ್ಲಿಯೂ ಒಂದು ಕೊರತೆಯಿತ್ತು, ಅದು ಗೊತ್ತಾದದ್ದು ಡಿಸೆಂಬರಿನಲ್ಲಿ. ಹತ್ತಿರದ ಸಂಬಂಧಿಕರೊಬ್ಬರ ಸಾವಿನಿಂದಾಗಿ ನಾಲ್ಕು ದಿನ ಸಂಬಳರಹಿತ ರಜೆ ಮಾಡಬೇಕಾಯಿತು, ಮೂರೂವರೆ ಸಾವಿರಕ್ಕೂ ಹೆಚ್ಚು ಕೈತಪ್ಪಿತು. ಅಂಥ ತಿಂಗಳಲ್ಲಿ ಕಂತನ್ನು ಏನು ಮಾಡಬೇಕೆಂದು ನಾನು ಬರೆದಿರಲಿಲ್ಲ. ಡಿಸೆಂಬರಿಗೆ 4,000 ಹಿಡಿದು, ಉಳಿದ 3,000ವನ್ನು ಜನವರಿಯ ಕಂತಿಗೆ ಸೇರಿಸಬೇಕೆಂದು ಇನ್ನೊಂದು ಪತ್ರ ಕೊಟ್ಟೆ. ಜನವರಿಯಲ್ಲಿ ಹತ್ತು ಸಾವಿರದ ಕಂತು ಹೋಗಿ ಮನೆಗೆ ಬಂದದ್ದು ಹದಿನಾರೇ ಸಾವಿರ. ಆದರೆ ಒಟ್ಟು ಕಡಿತ ಹನ್ನೆರಡು ಸಾವಿರದಲ್ಲಿ ನಿಂತದ್ದರಿಂದ ಲೆಕ್ಕದವರು ತಕರಾರು ಮಾಡಲಿಲ್ಲ. ಆ ಮೇಲೆ ಸಹೋದ್ಯೋಗಿಗಳಿಬ್ಬರು ನನ್ನಿಂದಲೇ ಮನವಿ ಬರೆಸಿಕೊಂಡರು, ನಕ್ಕವರಲ್ಲಿ ಒಬ್ಬರೂ ಅವರಲ್ಲಿದ್ದರು. ಇಬ್ಬರ ಪತ್ರದಲ್ಲೂ ಕಂತುಗಳ ಕೆಳಗೆ ಈ ಸಾಲನ್ನು ಸೇರಿಸಿದೆ: "ಸಂಬಳರಹಿತ ರಜೆಯಿಂದ ವೇತನ ಕಡಿಮೆಯಾದ ತಿಂಗಳಲ್ಲಿ ಅಷ್ಟೇ ಮೊತ್ತವನ್ನು ಕಂತಿನಿಂದ ಇಳಿಸಿ, ಮುಂದಿನ ತಿಂಗಳ ಕಂತಿಗೆ ಸೇರಿಸಲು ಕೋರುತ್ತೇನೆ."